ಒಂದು ವಾಕ್ಯ ಹಿಂದೆ

ನನ್ನ ಮನೆ ಹಾವೇರಿಯಲ್ಲಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುತ್ತೇನೆ. ಕರೆ ಬಂದರೆ ವ್ಯಾಪಾರದ ಮಾತುಕತೆಗಳಿಗೆ ಹೋಗಿ ಕಿವಿಯಲ್ಲಿ ಪಿಸುಮಾತಿನ ಅನುವಾದವನ್ನೂ ಮಾಡುತ್ತೇನೆ. ಇದರಲ್ಲಿ ಏನಿದೆ, ಎರಡು ಭಾಷೆ ಬಂದರೆ ಸಾಕು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎದುರಿನವರ ಮಾತು ನಡೆದಿರುವಾಗಲೇ ನಾನು ಹೇಳಬೇಕು, ಹೇಳುತ್ತಲೇ ಮುಂದಿನದನ್ನು ಕೇಳಿಸಿಕೊಳ್ಳಬೇಕು. ಎಷ್ಟೇ ಓಡಿದರೂ ಒಂದು ವಾಕ್ಯ ಹಿಂದೆಯೇ ಇರುತ್ತೇನೆ.

ಆ ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಕಚೇರಿ. ಫ್ರಾನ್ಸಿನಿಂದ ಇಬ್ಬರು ಬಂದಿದ್ದರು: ಖರೀದಿ ನೋಡಿಕೊಳ್ಳುವ ಹೆಂಗಸು ಮತ್ತು ಮಾಲು ಪರೀಕ್ಷಿಸುವ ಗಂಡಸು. ಸಂಜೆಯ ವಿಮಾನ ಹಿಡಿಯಬೇಕಿತ್ತು. ಅವರು ನಿಲ್ಲಿಸಿ ನಿಲ್ಲಿಸಿ ಮಾತಾಡಿದರೆ ಹೊತ್ತು ಸಾಲದು. ಅದಕ್ಕೇ ನಾನು ವ್ಯಾಪಾರಿಯ ಹಿಂದೆ ಕುರ್ಚಿ ಎಳೆದುಕೊಂಡು ಬಲಗಿವಿಗೆ ಬಾಗಿ ಕುಳಿತೆ.

ವ್ಯಾಪಾರಿ ನನಗೆ ಮೊದಲೇ ಹೇಳಿದ್ದರು: "ಟೀಚರ್ರ, ಎಲ್ಲಾ ಹೇಳಬ್ಯಾಡ್ರಿ. ತಿರುಳ ಅಷ್ಟ ಹೇಳ್ರಿ. ಇಲ್ಲಂದ್ರ ನನ್ನ ತಲಿ ತಿರಗತೈತಿ."

ಕಿಟಕಿಯಾಚೆ ಅಂಗಳದಲ್ಲಿ ನಲವತ್ತು ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಒಣಗಿದ ಕಾಯಿ ಮುರಿಯಬಾರದೆಂದು ಅದಕ್ಕೆ ಮೊದಲು ಸ್ವಲ್ಪ ನೀರು ಚಿಮುಕಿಸುವುದು ಇಲ್ಲಿಯ ರೂಢಿ.

ಪರೀಕ್ಷೆಯವನು ಶುರು ಮಾಡಿದ. ತೇವ, ಉಷ್ಣಾಂಶ, ಪ್ರಯೋಗಾಲಯದ ವರದಿ, ನಿಲ್ಲುವ ಹಾಗೆಯೇ ಇರಲಿಲ್ಲ. ಅಷ್ಟನ್ನೂ ಒಂದೇ ಸಾಲಿಗೆ ಇಳಿಸಿದೆ: "ನೀರ ಹೊಡದ ಕಾಯಿಗೆ ಬೂಷ್ಟ ಬರತೈತಿ, ಅದರಾಗ ವಿಷ ಇರತೈತಿ ಅಂತಾರ." ಅದು ಸರಿಯೇ ಇತ್ತು. ಉಸಿರಾಡಲು ಒಂದಿಷ್ಟು ಹೊತ್ತೂ ಉಳಿಯಿತು.

ಆ ಹೊತ್ತನ್ನು ನಾನೇ ಹಾಳು ಮಾಡಿದೆ. ಖರೀದಿಯ ಹೆಂಗಸು ಇವರ ಮಾಲಿನ ಬಣ್ಣವನ್ನು ಹೊಗಳಿದಳು. ಮುಖ ಬಿಗಿದು ಕುಳಿತ ವ್ಯಾಪಾರಿಗೆ ಖುಷಿಯಾಗಲೆಂದು ಹೊಗಳಿಕೆಯನ್ನು ಒಂದು ಮಾತೂ ಬಿಡದೆ ಹೇಳತೊಡಗಿದೆ. ಅಷ್ಟರಲ್ಲಿ ಅವಳು ಮುಂದೆ ಹೋಗಿದ್ದಳು: ಈ ಸಲದಿಂದ ನೀರೂ ಬೇಡ, ತೊಟ್ಟು ಬಿಡಿಸುವುದೂ ಬೇಡ, ಹಾಗೆಯೇ ಕಳಿಸಿ, ನಮ್ಮಲ್ಲಿ ಯಂತ್ರವಿದೆ, ಒಪ್ಪಿಗೆಯೇ?

ನಾನಿನ್ನೂ ಬಣ್ಣದಲ್ಲೇ ಇದ್ದೆ. "ಇಂಥಾ ಕೆಂಪ ಬ್ಯಾರೆ ಎಲ್ಲೂ ನೋಡಿಲ್ಲ ಅಂತಾರ."

"ಹೂಂ, ಹೂಂ," ಎಂದು ಅವರು ದೊಡ್ಡದಾಗಿ ತಲೆಯಾಡಿಸಿದರು.

ತೊಟ್ಟಿನ ಮಾತಿಗೆ ಒಪ್ಪಿಗೆ ಸಿಕ್ಕಿತೆಂದು ಅವಳು ನಕ್ಕು ಬರೆದುಕೊಂಡಳು.

ನಮ್ಮ ಕಡೆ ಹೂಂಗುಟ್ಟದೆ ಯಾರು ಕೇಳುತ್ತಾರೆ? ಅದು ಒಪ್ಪಿಗೆಯಲ್ಲ, ಹೇಳ್ರಿ, ಕೇಳಾಕತ್ತೇನಿ ಅಂತ ಅಷ್ಟೆ. ಅವಳಿಗೆ ಅದು ಹೇಗೆ ತಿಳಿಯಬೇಕು! ಪರೀಕ್ಷೆಯವನು ಆಗಲೇ ಚೀಲದ ಅಳತೆಗೆ ಹೋಗಿದ್ದ. ಪಿಸುಗುಟ್ಟುವವಳು ಕಿವಿಯಲ್ಲಿರಬೇಕು, ಮೇಜಿನ ಮಾತಿನ ನಡುವೆ ಬರಬಾರದು ಎಂದು ಕಲಿತವಳು ನಾನು. ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಸುಮ್ಮನಿರಬೇಕೆಂದು ಒಂದು ಗಳಿಗೆ ಅನ್ನಿಸಿತೂ ಹೌದು. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಕೈ ಎತ್ತಿದೆ. ಎಲ್ಲರಿಗೂ ಕೇಳುವಂತೆ ಫ್ರೆಂಚಿನಲ್ಲಿ ಹೇಳಿದೆ: "ಕ್ಷಮಿಸಿ, ನಾನು ಹಿಂದೆ ಬಿದ್ದಿದ್ದೆ. ಇವರು ತಲೆಯಾಡಿಸಿದ್ದು ಬಣ್ಣದ ಮಾತಿಗೆ. ತೊಟ್ಟಿನ ಮಾತನ್ನು ಇವರಿನ್ನೂ ಕೇಳಿಯೇ ಇಲ್ಲ."

ಆಮೇಲೆ ವ್ಯಾಪಾರಿಗೆ ಅವಳ ಮಾತನ್ನು ಇದ್ದದ್ದು ಇದ್ದ ಹಾಗೆಯೇ ಹೇಳಿದೆ, ಬರೆದುಕೊಂಡಿದ್ದನ್ನೂ ಮುಚ್ಚಿಡಲಿಲ್ಲ. ಅವರ ಕಿವಿ ಕೆಂಪಾಯಿತು. ಕಿಟಕಿಯಾಚೆಯ ಹೆಂಗಸರ ಸಾಲಿನ ಕಡೆ ತಿರುಗಿದರು.

"ನೀರ ಬಿಡತೇವಿ ಅನ್ರಿ," ಎಂದರು ಕೊನೆಗೆ. "ನಸಿಕಿನ್ಯಾಗ ಕಾಯಿ ಮೆತ್ತಗಿರತೈತಿ, ಆವಾಗ ಬಿಡಸತೇವಿ. ಬಿಸಲ ಏರಿದ ಮ್ಯಾಲೆ ಮುಟ್ಟಂಗಿಲ್ಲ. ಆದ್ರ ತೊಟ್ಟ ಬಿಡಸೂದು ಇಲ್ಲೇ ಆಗಬೇಕು. ಆ ಹೆಣ್ಮಕ್ಕಳಿಗೆ ನಾಳೆ ಬರಬ್ಯಾಡ್ರಿ ಅನ್ನಾಕ ನನ್ನ ಕಡಿಂದ ಆಗಂಗಿಲ್ಲ."

ಇದನ್ನು ಅವರು ಮುಗಿಸುವವರೆಗೂ ಕಾದು, ಒಂದು ಮಾತನ್ನೂ ಬಿಡದೆ ಫ್ರೆಂಚಿಗೆ ತಂದೆ. ಅವರಿಬ್ಬರೂ ತಮ್ಮತಮ್ಮಲ್ಲಿ ಮಾತಾಡಿಕೊಂಡರು, ಅದನ್ನೂ ಪಿಸುಗುಟ್ಟಿದೆ. ಅವಳು ಬರೆದ ಸಾಲನ್ನು ಹೊಡೆದು ಹಾಕಿದಳು. ನೀರಿಲ್ಲದೆ ಬಿಡಿಸಿದ ಮಾಲನ್ನು ಈ ಸಲ ಸ್ವಲ್ಪ ಕಳಿಸಿ, ಪರೀಕ್ಷೆಯಲ್ಲಿ ಗೆದ್ದರೆ ಉಳಿದದ್ದೂ ಹಾಗೆಯೇ ಬರಲಿ ಎಂದಳು. ಈ ಬಾರಿ ವ್ಯಾಪಾರಿ ಹೂಂ ಅನ್ನಲಿಲ್ಲ. ನಾನು ಮುಗಿಸಿದ ಮೇಲೆ ಅವಳ ಮುಖ ನೋಡಿ, "ಆತ್ರಿ" ಎಂದರು.

ಫ್ರಾನ್ಸಿನವರ ಕಾರು ಹೊರಟ ಮೇಲೆ ವ್ಯಾಪಾರಿ ಚಹಾ ತರಿಸಿದರು. ಬೈಗುಳಕ್ಕೆ ತಯಾರಾಗಿದ್ದೆ, ಬಯ್ಯಲಿಲ್ಲ.

"ಟೀಚರ್ರ, ಈ ಕೆಲಸಾ ಎಷ್ಟ ವರ್ಷಾತು?"

"ಒಂಬತ್ತರಿ."

"ಹಂಗಾರ ನನ್ನಂಥಾವ್ರು ಭಾಳ ಮಂದಿ ನಿಮ್ಮ ಮಾತಿಗೆ ಹೂಂ ಅಂದಿರಬೇಕಲ್ಲ?"

ಅವರು ಸಹಜವಾಗಿಯೇ ಕೇಳಿದ್ದರು. ಹಿಂದಿನ ವರ್ಷಗಳ ಮೇಜುಗಳು, ಹೂಂ ಕೇಳಿ ಬರೆದುಕೊಳ್ಳುತ್ತಿದ್ದ ಕೈಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಲ್ಲೆಲ್ಲ ನಾನು ಎಷ್ಟು ಹಿಂದೆ ಇದ್ದೆನೋ, ನೋಡಿರಲೇ ಇಲ್ಲ.