ಛತ್ರಿ ಮುಚ್ಚು ಅಂದ ಆಯಿ

ಮಳಿಗಾಲದ ಜಾಹೀರಾತಿನ ಫೋಟೋ ಬ್ಯಾಸಗ್ಯಾಗ ತಗೀಬೇಕು. ಮಳಿ ಹತ್ತಿದ ಮ್ಯಾಲೆ ತಗದ್ರ, ಬ್ಯಾನರ್ ಕಟ್ಟೂದ್ರಾಗ ಮಂದಿ ಹಳೇ ಛತ್ರಿಗೇ ತ್ಯಾಪಿ ಹಾಕಿಸ್ಕೊಂಡಿರ್ತಾರ. ಗದಗಿನ ಛತ್ರಿ ಅಂಗಡಿ ಸಾವಕಾರ್ರು ಇದನ್ನ ನನಗ ತಿಳಿಸಿ ಹೇಳಿದ್ರು. ಸೋಮವಾರದೊಳಗ ಫೋಟೋ ಬರದಿದ್ರ ಕಂಪನಿ ಕಳಿಸಿದ್ದನ್ನ ಕಟ್ಟತೀನಿ ಅಂದ್ರು. ಕಂಪನಿ ಫೋಟೋದಾಗ ಒಬ್ಬಾಕಿ ಬೆಳ್ಳಗಿನ ಹುಡುಗಿ ಯಾವುದೋ ದೇಶದ ಮಳ್ಯಾಗ ಹಲ್ಲು ಕಿಸದು ನಿಂತಿದ್ಲು.

ಬೆಟಗೇರಿಯಾಗ ನಮ್ಮ ಮಾವನೋರ ಸ್ಟುಡಿಯೋ ಈಗ ನಾನ ನಡಸ್ತೀನಿ. ದಿನಾ ಪಾಸ್‌ಪೋರ್ಟ್ ಸೈಜ್ ಫೋಟೋ. ಗದ್ದ ಮ್ಯಾಲ ಮಾಡ್ರಿ, ಕಣ್ಣು ಪಿಳುಕಿಸಬ್ಯಾಡ್ರಿ ಅನ್ನೂದ ನನ್ನ ಕಸುಬು. ಓಣಿಯವರ ಲೆಕ್ಕಕ್ಕ ಅದು ಕಸುಬೂ ಅಲ್ಲ, ಸೊಸಿ ಹೊತ್ತು ಕಳಿಯೂ ದಾರಿ. ಈ ಛತ್ರಿ ಕೆಲಸ ನನಗ ಭಾಳ ಬೇಕಾಗಿತ್ತು. ನನ್ನ ಫೋಟೋ ಒಂದು ಬಜಾರದಾಗ ನೇತಾಡಬೇಕು, ಓಣಿ ಮಂದಿ ಕತ್ತೆತ್ತಿ ನೋಡಬೇಕು ಅಂತ ಹಟ.

ನಮ್ಮ ಓಣಿಗೆ ಹಾಸುಗಲ್ಲು. ಕಲ್ಲು ತೊಯ್ದ್ರ ಬಣ್ಣ ಕನ್ನಡ್ಯಾಗ ಕಂಡಂಗ ಕಾಣ್ತಾವ. ಸಂಜಿ ಬಿಸಲು ಹಿಂದಿನಿಂದ ಬಿದ್ದು, ಅದರಾಚೆ ಕತ್ತಲಾಗಿದ್ದ ಬಾಗಿಲು ಇದ್ರ ಒಂದೊಂದು ಹನಿನೂ ಹೊಳೀತೈತಿ. ನಾದಿನಿಗೆ ಹಳದಿ ರೇನ್‌ಕೋಟ್ ಹಾಕಿ, ಕೈಯಾಗ ಕೆಂಪು ಛತ್ರಿ ಕೊಟ್ಟು ನಿಲ್ಲಿಸಿದೆ. ಎಲ್ಲಾ ಇತ್ತು, ನೀರಿರಲಿಲ್ಲ. ಟ್ಯಾಂಕರಿನಾಂವ ಬರ್ತೀನಿ ಅಂದಿದ್ದ, ಫೋನ್ ಎತ್ತಲಿಲ್ಲ.

ಮನಿಮನಿಗೆ ಹೋಗಿ ಒಂದೊಂದು ಕೊಡ ನೀರು ಕೇಳಿದೆ. ನಳ ಬಂದು ವಾರ ಮ್ಯಾಲಾಗಿತ್ತು. ರಸ್ತಾಕ್ಕ ಚೆಲ್ಲಾಕ ನೀರು ಬೇಕೇನ, ತಲಿ ನೆಟ್ಟಗೈತೇನ ಅಂತ ಕೇಳಿದ್ರು. ಅವರ ಮಾತು ಖರೇನ ಇತ್ತು, ಅದಕ್ಕ ನನಗ ಇನ್ನಷ್ಟು ಸಿಟ್ಟು ಬಂತು. ಕಡೀಕ ನಮ್ಮ ಮನಿದ ಎರಡು ಕೊಡ ಕಲ್ಲಿಗೆ ಸುರವಿದೆ. ಕಲ್ಲು ಕುಡದು ಸುಮ್ಮನಾತು. ಉಳಿದ ಒಂದು ಕೊಡ ಅತ್ತಿ ಮಾಳಿಗಿ ಮ್ಯಾಲಿಂದ ನಾದಿನಿ ಮ್ಯಾಲೆ ಸುರವಿದ್ರು, ಗೊಣಗಿಕೋತ. ನಾ ಕ್ಯಾಮೆರಾ ಒತ್ತೂದ್ರಾಗ ಅದೂ ಮುಗೀತು.

ಎದುರು ಮನಿ ಆಯಿ ಕಟ್ಟಿ ಮ್ಯಾಲೆ ಕುಂತು ಇದನ್ನ ನೋಡಿದ್ಲು. ಎದ್ದು ಒಳಗ ಹೋದ್ಲು. ಬರೂವಾಗ ಕೈಯಾಗ ರೊಟ್ಟಿ ಹಂಚು, ಅದರ ಮ್ಯಾಲೆ ಸಗಣಿ ಮುದ್ದಿ, ಅದಕ್ಕ ಗರಿಕಿ ಚುಚ್ಚಿದ್ಲು. ನಾ ಅಲ್ಲೇ ತಿಳಕೊಂಡೆ. ಮಳಿ ತಡಾ ಆದ್ರ ನಮ್ಮ ಕಡೆ ಗುರ್ಜಿ ಆಡ್ತಾರ. ಒಬ್ಬರು ಹಂಚು ತಲಿ ಮ್ಯಾಲೆ ಹೊತ್ತು ಬಂದ್ರ, ಮನಿಮನಿಯವರು ಅದರ ಮ್ಯಾಲೆ ನೀರು ಸುರೀತಾರ, ಹೊತ್ತಾಂವ ಗರಗರ ತಿರಗ್ತಾನ. ಓಣ್ಯಾಗ ಒಬ್ಬರ ಮ್ಯಾಲೆ ನೀರು ಬಿದ್ದದ್ದು ನೋಡಿ ಆಯಿ ಅದ ಅಂತ ತಿಳದಿದ್ಲು. ಆಕಿ ಕೂಗು ಹಾಕಿದ ಕೂಡ್ಲೆ, ನನಗ ಹನಿ ನೀರು ಕೊಡದ ಹೆಣ್ಣುಮಕ್ಕಳೆಲ್ಲಾ ತುಂಬಿದ ತಂಬಗಿ ಹಿಡಕೊಂಡು ಹೊರಗ ಬಂದ್ರು.

"ಮೊದಲ ಆ ಛತ್ರಿ ಮುಚ್ಚು," ಅಂದ್ಲು ಆಯಿ.

"ಆಯಿ, ಇದು ಗುರ್ಜಿ ಅಲ್ಲಬೇ. ಛತ್ರಿ ಫೋಟೋ."

"ಫೋಟೋ ನಿಂದು, ನೀರು ನಮ್ಮವು. ಮುಚ್ಚು."

ಛತ್ರಿ ತೆರದ್ರ ನೀರಿಲ್ಲ, ನೀರು ಬೇಕಂದ್ರ ಛತ್ರಿ ಇಲ್ಲ. ನಾದಿನಿ ನನ್ನ ಮಾರಿ ನೋಡದನ ಛತ್ರಿ ಮುಚ್ಚಿ ಹಂಚು ಹೊತ್ತಳು. ಮೊದಲನೇ ತಂಬಗಿ ಬಿತ್ತು. ಆಕಿ ತಿರುಗಿದ್ಲು, ಸಿಡದ ಹನಿ ಸುರವಿದಾಕಿ ಸೀರಿಗೇ ಬಿದ್ದುವು. ಆಗ ನನಗ ಬುದ್ಧಿ ಬಂತು. ಸೀರಿ ತೊಯ್ತಾವ, ಹಿಡೀರಿ ಅಂದು, ಫೋಟೋಕ್ಕಂತ ಸಾವಕಾರ್ರು ಕೊಟ್ಟಿದ್ದ ಛತ್ರಿ ಎಲ್ಲಾರಿಗೂ ಒಂದೊಂದು ಹಂಚಿದೆ. ಒಂದು ಕೈಯಾಗ ತಂಬಗಿ, ಒಂದು ಕೈಯಾಗ ಛತ್ರಿ. ಹಂಚು ಹೊತ್ತಾಕಿಗೆ ಛತ್ರಿ ಹಿಡದಿಲ್ಲಲ್ಲ ಅಂತ ಆಯಿನೂ ಒಪ್ಪಿದ್ಲು, ಹಸರುದು ತಾನ ತಗೊಂಡ್ಲು. ಲೆನ್ಸಿನ ಮ್ಯಾಲೆ ಹೊಳಪು ಕೊಲ್ಲೂ ಗಾಜು ಇತ್ತು, ಅದಿದ್ರ ತೊಯ್ದ ಕಲ್ಲಿನ್ಯಾಗ ಕಾಣೂ ಬಿಂಬನೂ ಸಾಯತೈತಿ ಅಂತ ಬಿಚ್ಚಿ ಸೆರಗಿಗೆ ಕಟ್ಟಿದೆ. ಕ್ಯಾಮೆರಾ ನೆಲಕ್ಕ ಹಚ್ಚಿ ಬೋರಲು ಮಲಗಿದೆ. ಕೆಂಪು, ಹಸರು, ನೀಲಿ ಎಲ್ಲಾ ಹಾಸುಗಲ್ಲಿನ್ಯಾಗ ತಲಿಕೆಳಗಾಗಿ ಕುಣದ್ವು.

ಸಾವಕಾರ್ರು ಫೋಟೋ ಭಾಳ ಹೊತ್ತು ನೋಡಿದ್ರು. ನೀರು ಮುಗಲಿಂದ ಬರಬೇಕಲ್ಲ, ತಂಬಗಿಂದ ಬರಾಕತ್ತೈತಿ ಅಂದ್ರು. ಮತ್ತ ನೋಡಿ, ನಮ್ಮವ್ವಾನೂ ಹಿಂಗ ಸುರೀತಿದ್ಲು ಅಂದ್ರು. ಬ್ಯಾನರ್ ಬಜಾರದಾಗ ಏರಿತು. ಓಣಿ ಮಂದಿ ನೋಡಿ ಬಂದು, ತಮ್ಮ ತಮ್ಮ ಸೀರಿದ ಮಾತಾಡಿದ್ರು. ತಗದಾಕಿ ಹೆಸರು ಯಾರೂ ಎತ್ತಲಿಲ್ಲ. ನನಗ ಕೆಟ್ಟನಿಸಿತು, ಖರೇನ. ಮುಂದ ಮಳಿ ತನ್ನ ಹೊತ್ತಿಗೆ ಬಂತು.

ಈ ವರ್ಷ ಮಳಿ ತಡಾ ಆತು. ಒಂದಿನ ಮುಂಜಾನೆ ಆಯಿ ಸ್ಟುಡಿಯೋ ಬಾಗಲಿಗೇ ಬಂದ್ಲು, ಕೈಯಾಗ ಹಂಚು.

"ಹೋದ ವರ್ಷ ನೀ ಫೋಟೋ ತಗದಿ, ಮಳಿ ಬಂತು. ಈ ಸಲ ನೀನ ಹೊರು," ಅಂದ್ಲು. "ಫೋಟೋ ನಾದಿನಿ ತಗೀಲಿ."

ಹಿಂದ ಓಣಿಯವರೆಲ್ಲಾ ತಂಬಗಿ ಹಿಡದು ನಿಂತಿದ್ರು, ನೀರು ಕೇಳೂ ಜರೂರ ಬೀಳಲಿಲ್ಲ. ಕ್ಯಾಮೆರಾ ನಾದಿನಿ ಕೊಳ್ಳಾಗ ಹಾಕಿದೆ. ರೇನ್‌ಕೋಟ್ ಗೂಟದ ಮ್ಯಾಲೇ ಇತ್ತು. ನಾ ಅದನ್ನ ಹಾಕ್ಕೊಳ್ಳಲಿಲ್ಲ.