ಗ್ಯಾರಂಟಿ ಎಂದು ನಾನು ಬರೆಯಲಿಲ್ಲ

ಮುಳಬಾಗಿಲಿನ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ನನ್ನ ಸೋದರಮಾವನ ಅಂಗಡಿ. ಗಾಡಿಗಳ ಸೀಟ್ ಕವರ್, ಕನ್ನಡಿ, ಹಾರನ್ನು, ಹೆಲ್ಮೆಟ್ಟು. ಮಾವ ಮಾರುತ್ತಾನೆ, ನಾನು ಬರೆಯುತ್ತೇನೆ. ಫೋನಿನಲ್ಲಿ ಫೋಟೋ ಹಾಕಿ, ಅದರ ಕೆಳಗೆ ನಾಲ್ಕು ಸಾಲು ಬರೆದು, ಮಾರಾಟದ ಆ್ಯಪಿಗೂ ಸುತ್ತಲಿನ ಊರುಗಳ ವಾಟ್ಸಾಪ್ ಗುಂಪುಗಳಿಗೂ ಬಿಡುವುದು ನನ್ನ ಕೆಲಸ. ನಾಲ್ಕು ಸಾಲಿಗೆ ಇಷ್ಟೊಂದು ಜಗಳ ಬೇಕೇ ಎಂದು ಯಾರಾದರೂ ಕೇಳಿದರೆ, ಬೇಕು ಎಂದೇ ಹೇಳುತ್ತೇನೆ.

ಹೆಲ್ಮೆಟ್ಟಿಗೆ ನಾನು ಬರೆಯುವುದು ಮೂರು ಸಂಗತಿ. ಐಎಸ್‌ಐ ಗುರುತು ಇದೆ, ಮಾನದಂಡ ಐಎಸ್ 4151, ಲೈಸೆನ್ಸ್ ಸಂಖ್ಯೆ ಹಿಂಬದಿಯ ಗುರುತಿನಲ್ಲಿದೆ, ಬಂದು ನೋಡಿಕೊಳ್ಳಿ. ಅಳತೆ: ಮೀಡಿಯಂ 57ರಿಂದ 58, ಲಾರ್ಜ್ 59ರಿಂದ 60 ಸೆಂಟಿಮೀಟರ್, ಹುಬ್ಬಿನ ಮೇಲಿಂದ ತಲೆಯ ಸುತ್ತ ಟೇಪು ಹಿಡಿದು ಅಳೆಯಿರಿ. ಚಿಪ್ಪು: ಗೀರು, ಬಿರುಕು ಇಲ್ಲ, ಬಿದ್ದದ್ದಲ್ಲ. ಇಷ್ಟೇ.

ಮಾವನಿಗೆ ಇಷ್ಟು ಸಾಲದು. ನಾನು ಊಟಕ್ಕೆ ಎದ್ದರೆ ಸಾಕು, ಫೋನು ತೆಗೆದುಕೊಂಡು ಕೊನೆಗೆ ಒಂದು ಸಾಲು ಸೇರಿಸುತ್ತಾನೆ: ‘ಜೀವಕ್ಕೆ ನೂರಕ್ಕೆ ನೂರು ಗ್ಯಾರಂಟಿ.’ ನಾನು ಕೈ ತೊಳೆದು ಬಂದು ಅಳಿಸುತ್ತೇನೆ.

“ಎದುರಂಗಡಿಯೋನು ಬೋರ್ಡೇ ಬರೆಸವ್ನೆ ಕಣಮ್ಮಾ, ತಲೆಗೆ ಏನೂ ಆಗಲ್ಲ ಅಂತ. ನಿಂದೇನು ಹಠ?”

“ಅವನು ಬರೆಸ್ಕೊಳ್ಳಲಿ ಮಾವ. ನನ್ನ ಕೈಲಿ ಆಗಲ್ಲ.”

ಏಕೆ ಆಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ನನ್ನ ಗಂಡ ಹೆಲ್ಮೆಟ್ ಹಾಕಿಕೊಂಡೇ ಹೋದದ್ದು. ಐಎಸ್‌ಐ ಗುರುತಿನದು, ತಲೆಗೆ ಸರಿಯಾದ ಅಳತೆಯದು, ಬೆಲ್ಟು ಬಿಗಿದೇ ಇತ್ತು. ಲಾರಿ ಎದೆಯ ಮೇಲೆ ಹಾದಿತ್ತು. ತಲೆಗೆ ಒಂದು ಗೀರೂ ಇರಲಿಲ್ಲ ಎಂದು ಆಸ್ಪತ್ರೆಯಲ್ಲಿ ಯಾರೋ ಸಮಾಧಾನಕ್ಕೆ ಹೇಳಿದರು. ಆ ಸಮಾಧಾನವನ್ನು ಏನು ಮಾಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಹಾಗೆಂದು ನಾನು ಹೆಲ್ಮೆಟ್ ಬಿಟ್ಟವಳಲ್ಲ. ದಿನವೂ ಹಾಕಿಕೊಂಡೇ ಸ್ಕೂಟರ್ ಹತ್ತುತ್ತೇನೆ. ಹೆಲ್ಮೆಟ್ಟು ತಲೆಗೆ ಬೀಳುವ ಪೆಟ್ಟನ್ನು ತಗ್ಗಿಸಬಹುದು, ಅದನ್ನು ನಂಬುತ್ತೇನೆ. ಜೀವ ಉಳಿಸಿಯೇ ತೀರುತ್ತದೆ ಎಂದು ಬರೆಯುವವರ ಮೇಲೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ವರ್ಷ ಆಯುಧಪೂಜೆಗೆ ನಾನು ವಕ್ಕಲೇರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಹೋಗುವ ಮುಂಚೆ ಆರು ಬಿಳಿ ಹೆಲ್ಮೆಟ್ಟುಗಳ ಫೋಟೋ ಹಾಕಿ, ಚಿಪ್ಪು ಚೆನ್ನಾಗಿದೆ ಎಂದು ಬರೆದಿದ್ದೆ. ಶ್ರೀನಿವಾಸಪುರದ ಕಡೆಯ ಹೆಂಗಸೊಬ್ಬರು ಫೋನು ಮಾಡಿ, ಕಾಲೇಜಿಗೆ ಸ್ಕೂಟರಿನಲ್ಲಿ ಓಡಾಡುವ ಮಗಳಿಗೆಂದು ಮೀಡಿಯಂ ಒಂದನ್ನು ಎತ್ತಿಡಲು ಹೇಳಿದರು. ಬಟ್ಟೆ ಹೊಲಿಯುವವರು, ಮಗಳ ತಲೆಯನ್ನು ತಾವೇ ಟೇಪಿನಲ್ಲಿ ಅಳೆದಿದ್ದರು: ಐವತ್ತೇಳೂವರೆ.

ಹಬ್ಬ ಮುಗಿಸಿ ಬಂದವಳಿಗೆ ಬಾಗಿಲಲ್ಲೇ ವಾಸನೆ ಬಡಿಯಿತು. ತಿನ್ನರ್. ಬಿಳಿ ಹೆಲ್ಮೆಟ್ಟುಗಳು ಆರೂ ಶೆಲ್ಫಿನಲ್ಲಿ ಪಳಪಳ ಹೊಳೆಯುತ್ತಿದ್ದವು, ಮಾವ ದಿನಾ ಹಾಕುವ ಅವನ ಬಿಳಿ ಹೆಲ್ಮೆಟ್ಟೂ ಮೊಳೆಯಲ್ಲಿ ಹಾಗೇ ಹೊಳೆಯುತ್ತಿತ್ತು.

“ಏನ್ ಮಾವ ಇದು?”

“ಪೂಜೇಲಿ ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟಿದ್ವಲ್ಲ. ನೀರಲ್ಲಿ ಒರೆಸಿದ್ರೆ ಕೆಂಪು ಹೋಗಲೇ ಇಲ್ಲ. ಪಕ್ಕದ ಪೇಂಟರ್ ಹತ್ರ ತಿನ್ನರ್ ಈಸ್ಕೊಂಡು ಮೊದ್ಲು ನಂದು ಒರೆಸಿ ನೋಡ್ದೆ. ಚೆನ್ನಾಗಿ ಬಂತು. ಆಮೇಲೆ ಇವೂ ಒರೆಸ್ದೆ. ಎಂಗದೆ ನೋಡು, ಹೊಸದು ಸೋಲ್ಬೇಕು!”

ಒಂದು ಹೆಲ್ಮೆಟ್ಟು ತೆಗೆದು ಬೋರಲು ಹಾಕಿ ಒಳಗಿನ ಚೀಟಿ ತೋರಿಸಿದೆ. ಪೆಟ್ರೋಲು, ತಿನ್ನರು, ಬಣ್ಣ ಯಾವುದೂ ಚಿಪ್ಪಿಗೆ ತಾಗಬಾರದು ಎಂದು ಅಲ್ಲೇ ಅಚ್ಚು ಹಾಕಿದ್ದಾರೆ. ಪ್ಲಾಸ್ಟಿಕ್ಕು ಒಳಗೊಳಗೇ ಸಡಿಲಾಗಬಹುದು, ಹೊರಗೆ ಏನೂ ಕಾಣದೆಯೂ ಇರಬಹುದು.

“ಸಡಿಲ ಆಗ್ಯದೆ ಅಂತ ನಿಂಗೇನು ಗೊತ್ತು?”

“ಆಗಿಲ್ಲ ಅಂತ ನಿನಗೇನು ಗೊತ್ತು ಮಾವ?”

“ಪೋನೀಲೇ, ಹೋಗ್ಲಿ ಬಿಡು. ಕಣ್ಣಿಗೆ ಕಾಣ್ದೇ ಇರೋದನ್ನ ಯಾಕಮ್ಮಾ ಬರೀಬೇಕು?”

ಮಾವ ಕೆಟ್ಟವನಲ್ಲ. ದೇವರ ಕುಂಕುಮವನ್ನು ಗಿರಾಕಿ ಕೊಳೆ ಅಂದುಕೊಂಡಾನು ಎಂದು ಒರೆಸಿದವನು. ಆದರೆ ಅವನು ಕೆಟ್ಟವನಲ್ಲ ಎಂದ ಮಾತ್ರಕ್ಕೆ ಚಿಪ್ಪು ಗಟ್ಟಿಯಾಗುವುದಿಲ್ಲವಲ್ಲ. ಅವನ ಎದುರಿಗೇ ಫೋನು ತೆಗೆದು ಜಾಹೀರಾತನ್ನು ತಿದ್ದಿದೆ: ‘ಬಿಳಿ ಬಣ್ಣದವು ಮಾರಾಟಕ್ಕಿಲ್ಲ. ಚಿಪ್ಪನ್ನು ತಿನ್ನರಿನಲ್ಲಿ ಒರೆಸಲಾಗಿದೆ. ಐಎಸ್‌ಐ ಗುರುತು ಇದ್ದರೂ ಅದರ ಸ್ಥಿತಿ ಈಗ ನಮಗೆ ತಿಳಿಯದು.’ ಮಾವ ಮುಖ ತಿರುಗಿಸಿಕೊಂಡ.

“ಅಂಗಡಿ ಮುಚ್ಚಿಸಿಬಿಡು ನೀನು” ಎಂದ.

“ಸುಳ್ಳು ಬರೆಯೋರು ಬೇಕಿದ್ರೆ ಬೇರೆಯವರನ್ನ ಇಟ್ಕೋ ಮಾವ. ಇವತ್ತೇ ಎದ್ದು ಹೋಗ್ತೀನಿ.”

ಎದ್ದು ಹೋದರೆ ಎಲ್ಲಿಗೆ ಎಂದು ನನಗೇನೂ ಗೊತ್ತಿರಲಿಲ್ಲ. ಆದರೂ ಹೇಳಿದೆ.

ಅಷ್ಟರಲ್ಲಿ ತಾಯಿ ಮಗಳು ಬಂದೇಬಿಟ್ಟರು. ಬಸ್ಸಿನಲ್ಲಿದ್ದವರು ನನ್ನ ತಿದ್ದುಪಡಿ ನೋಡಿರಲಿಲ್ಲ. ಹುಡುಗಿ ಸೀದಾ ಬಿಳಿಯದಕ್ಕೆ ಕೈ ಹಾಕಿದಳು. ಮಾವ ನನ್ನ ಮುಖ ನೋಡಿದ. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

“ಇದು ಬೇಡಮ್ಮಾ. ಪೂಜೆ ಕುಂಕುಮ ಹೋಗಲಿ ಅಂತ ತಿನ್ನರಲ್ಲಿ ಒರೆಸಿದ್ದಾರೆ. ಚಿಪ್ಪು ಗಟ್ಟಿ ಇದೆಯೋ ಇಲ್ವೋ ಹೇಳೋಕಾಗಲ್ಲ.”

ತಾಯಿಗೆ ಸಿಟ್ಟು ಬಂತು. “ಎರಡು ಬಸ್ ಹತ್ತಿ ಬಂದಿದೀವಲ್ಲಮ್ಮಾ!”

“ತಪ್ಪು ನಮ್ಮದೇ ಅಕ್ಕಾ. ಕಪ್ಪು ಬಣ್ಣದ್ದಿದೆ, ಅದೇ ಅಳತೆ, ಇನ್ನೂ ಡಬ್ಬದಿಂದ ಆಚೆ ತೆಗೆದಿಲ್ಲ.”

ಡಬ್ಬ ಅವರ ಎದುರೇ ಬಿಚ್ಚಿದೆ. ಗುರುತು, ಸಂಖ್ಯೆ, ತಯಾರಾದ ತಿಂಗಳು, ಎಲ್ಲ ಅವರ ಕೈಯಲ್ಲೇ ಓದಿಸಿದೆ. ಹುಡುಗಿ ಜಡೆ ಸಡಿಲಿಸಿ ಹಾಕಿಕೊಂಡಳು. ಕೆನ್ನೆ ಒತ್ತುತ್ತದೆ ಎಂದು ಮುಖ ಸಿಂಡರಿಸಿದಳು. “ಹೂ ಮುಡಿದ್ರೆ ಎಂಗೆ, ಒಂದು ಸೈಜ್ ದೊಡ್ಡದು ಕೊಡು” ಎಂದರು ತಾಯಿ. ಬೆಲ್ಟು ಬಿಗಿದು ಹೆಲ್ಮೆಟ್ಟನ್ನು ಹಿಡಿದು ಅಲುಗಿಸಿ ತೋರಿಸಿದೆ. ತಲೆಯೂ ಜೊತೆಗೇ ತಿರುಗಿತು. ದೊಡ್ಡದು ಹಾಕಿಸಿದೆ; ಹೆಲ್ಮೆಟ್ಟು ಮಾತ್ರ ತಿರುಗಿತು. ಬಟ್ಟೆ ಹೊಲಿಯುವವರಿಗೆ ಅಳತೆಯ ಮಾತು ಎರಡು ಸಲ ಹೇಳಬೇಕಾಗಿಲ್ಲ. ಹೂ ಕಾಲೇಜಿನಲ್ಲಿ ಮುಡಿಯಲಿ ಎಂದುಬಿಟ್ಟರು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು. “ಇದು ಹಾಕ್ಕೊಂಡ್ರೆ ನನ್ನ ಮಗಳಿಗೆ ಏನೂ ಆಗಲ್ಲ ತಾನೆ?”

ಹೂಂ ಅಂದರೆ ಆಗಿಹೋಗುತ್ತಿತ್ತು. ಆ ತಾಯಿಗೆ ಬೇಕಾಗಿದ್ದದ್ದೂ ಅದೇ.

“ಹಂಗೆ ಹೇಳೋಕಾಗಲ್ಲ ಅಕ್ಕಾ. ತಲೆಗೆ ಬೀಳೋ ಪೆಟ್ಟು ಕಮ್ಮಿ ಆಗಬೌದು. ಒಂದ್ಸಲ ಜೋರಾಗಿ ಬಿದ್ರೆ ಇದನ್ನ ಬಿಸಾಕಿ, ಹೊರಗೆ ಚೆನ್ನಾಗಿದ್ರೂ ಒಳಗಿನ ಥರ್ಮಾಕೋಲ್ ಅಮುಕಿಹೋಗಿರುತ್ತೆ. ಮಿಕ್ಕಿದ್ದು ಗಾಡಿ ಓಡಿಸೋರ ಮೇಲೆ, ಎದುರಿಗೆ ಬರೋರ ಮೇಲೆ.”

ಅವರು ನನ್ನ ಬರಿಗೊರಳನ್ನೊಮ್ಮೆ ನೋಡಿದರು. ಮಗಳ ಬೆಲ್ಟನ್ನು ತಾವೇ ಇನ್ನೊಮ್ಮೆ ಬಿಗಿದು ನೋಡಿ, ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಹೋದರು.

ಮಧ್ಯಾಹ್ನ ನಾನು ದೊಡ್ಡ ಕತ್ತರಿ ತೆಗೆದುಕೊಂಡು ಆರೂ ಬಿಳಿ ಹೆಲ್ಮೆಟ್ಟುಗಳ ಬೆಲ್ಟು ಕತ್ತರಿಸಿದೆ. ನಾಳೆ ಯಾರ ಮನಸ್ಸೂ ಬದಲಾಗುವುದು ಬೇಡ. ನನ್ನ ಮನಸ್ಸನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬೆಲ್ಟು ಗಟ್ಟಿಯಿತ್ತು, ಕೈ ನೊಂದಿತು. ಮಾವ ಪೇಪರು ಅಡ್ಡ ಹಿಡಿದು ಕೂತಿದ್ದ.

ಸಂಜೆ ಷಟರ್ ಎಳೆಯುವ ಹೊತ್ತು. ಮಾವ ಮೊಳೆಯಿಂದ ತನ್ನ ಹೆಲ್ಮೆಟ್ಟು ತೆಗೆದ. ಹಾಕಿಕೊಳ್ಳಲು ಹೋಗಿ, ನಿಲ್ಲಿಸಿ, ಅದನ್ನು ತಿರುಗಿಸಿ ಒಳಗಿನ ಚೀಟಿಯನ್ನು ಬೆಳಕಿಗೆ ಹಿಡಿದ. ಆಮೇಲೆ ತಂದು ನನ್ನ ಮುಂದೆ ಮೇಜಿನ ಮೇಲೆ ಇಟ್ಟ.

“ಇದಕ್ಕೂ ಕತ್ರಿ ಹಾಕು” ಎಂದು, ಕಪ್ಪು ಬಣ್ಣದ್ದೊಂದು ಡಬ್ಬ ಬಿಚ್ಚತೊಡಗಿದ.