ಟ್ಯೂನಿನವನ ಹೆಸರು

ನನ್ನ ಮದುವೆ ವಿಡಿಯೋ ಎಡಿಟ್ ಮಾಡಿಕೊಟ್ಟಿದ್ದು ಭಾವ; ಅದರ ಕೊನೆಯಲ್ಲಿದ್ದ ಅವರ ಹೆಸರನ್ನು ನಾನು ಕತ್ತರಿಸಿ ಹಾಕಿದ್ದೆ. ಅಂದಿನಿಂದ ಆರು ವರ್ಷ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ವಿಡಿಯೋ ಎಡಿಟ್ ಮಾಡಿ ಬದುಕುವ ಮನುಷ್ಯ, ಹೆಸರಿನ ವಿಷಯದಲ್ಲಿ ಮೂಗಿನ ತುದಿಯಲ್ಲೇ ಕೋಪ.

ಆ ಮುನಿಸಿನ ದಿನಗಳಲ್ಲೇ ಒಬ್ಬ ಕನ್ನಡಕದ ಅಂಗಡಿಯಮ್ಮನಿಗೆ ಅವರು ಒಂದು ನಿಮಿಷದ ಜಾಹೀರಾತು ಮಾಡಿಕೊಟ್ಟರು. ಬಾಗಿಲ ಗಂಟೆಯ ಸದ್ದು, ಹಿನ್ನೆಲೆಯ ಕೊಳಲಿನ ಟ್ಯೂನು ಎರಡನ್ನೂ ಇಂಟರ್ನೆಟ್ಟಿನಿಂದ ಉಚಿತವಾಗಿ ಇಳಿಸಿಕೊಂಡಿದ್ದರು. ಕೊನೆಯಲ್ಲಿ ಇಬ್ಬರು ಕರ್ತೃಗಳ ಹೆಸರೂ ಇತ್ತು.

"ಎರಡೆರಡು ಹೆಸರು ಯಾಕಪ್ಪಾ? ಒಂದು ತೆಗಿ, ನಮ್ ಫೋನ್ ನಂಬರ್ ದೊಡ್ಡದಾಗಿ ಕಾಣ್ಲಿ," ಅಂದರು ಅಂಗಡಿಯಮ್ಮ.

ಭಾವ ಬಳಕೆಯ ಷರತ್ತು ಬರೆದಿದ್ದ ಲೈಸೆನ್ಸ್ ಪುಟ ತೆರೆಯದೆ, ಹೆಸರು ಕೇಳದವನು ಇವನೇ ಎಂಬ ನೆನಪನ್ನೇ ನಂಬಿ ಟ್ಯೂನಿನವನ ಹೆಸರು ತೆಗೆದರು. ಆದರೆ ಗಂಟೆಯವನು ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದ, ಅವನ ಹೆಸರು ಬೇಕಿರಲಿಲ್ಲ. ಟ್ಯೂನಿನವನದು ಒಂದೇ ಷರತ್ತು: ಬಳಸಿದರೆ ನನ್ನ ಹೆಸರು ಹಾಕಿ.

ಎಂಟು ತಿಂಗಳಾದ ಮೇಲೆ ಅವನ ಮೇಲ್ ಬಂತು. ದುಡ್ಡು ಕೇಳಿರಲಿಲ್ಲ, ಬೈದೂ ಇರಲಿಲ್ಲ. "ನಾನು ಕೇಳಿದ್ದು ಅದೊಂದೇ ಅಲ್ವಾ?" ಅಂತ ಬರೆದಿದ್ದ.

ಭಾವ ಅವತ್ತೇ ಇಂಟರ್ನೆಟ್ಟಿಗೆ ಹಾಕಿದ್ದ ವಿಡಿಯೋದ ಕೆಳಗಿನ ವಿವರದಲ್ಲಿ ಅವನ ಹೆಸರು, ಲೈಸೆನ್ಸು, ಕೊಂಡಿ ಸೇರಿಸಿ ಕ್ಷಮೆ ಕೇಳಿದರು. ಆದರೆ ಫೋನಿಂದ ಫೋನಿಗೆ ಹೋಗಿಬಿಟ್ಟಿದ್ದ ಪ್ರತಿಗಳನ್ನು ವಾಪಸ್ ಕರೆಯುವುದು ಹೇಗೆ?

ಸಂಜೆ ನನಗೆ ಫೋನ್ ಮಾಡಿದರು. "ಅಷ್ಟು ದಿನ ನಿನ್ಮೇಲೆ ಮುನಿಸ್ಕೊಂಡಿದ್ನಲ್ಲಯ್ಯಾ, ನಾನೂ ಅದನ್ನೇ ಮಾಡ್ಬಿಟ್ಟೆ."

ನಿಮ್ಮ ಹೆಸರು ಮತ್ತೆ ಸೇರಿಸುತ್ತೇನೆ ಭಾವ ಅನ್ನೋಣವೆಂದರೆ, ಅವರ ಹೆಸರಿದ್ದ ಮದುವೆ ವಿಡಿಯೋದ ಮೂಲ ಫೈಲನ್ನು ನಾನು ಎಂದೋ ಅಳಿಸಿದ್ದೆ.